ರಾತ್ರಿ ಒಂದೂವರೆಗೆ ಕಿವಿನೋವು: ನಡುಗಿವಿಯ ಸೋಂಕು ಮತ್ತು ಔಷಧದ ಲೆಕ್ಕ

ಈ ಪಾಠವನ್ನು ಮೊದಲ ಸಲ ಓದಿದಾಗ ನಾನು ಆಂಟಿಬಯೋಟಿಕ್‌ಗಳ ಹೆಸರನ್ನೇ ಬಾಯಿಪಾಠ ಮಾಡಿಕೊಂಡಿದ್ದೆ. ಆಮೇಲೆ ಅರ್ಥವಾಯಿತು, ರಾತ್ರಿ ಮಗು ಕಿರುಚಿಕೊಂಡು ಎದ್ದಾಗ ಮನೆಯವರಿಗೆ ಬೇಕಾದ್ದು ಅದಲ್ಲ. ನೋವು ಇಳಿಸಬೇಕು, ಅದಕ್ಕೆ ಎಷ್ಟು ಎಂಎಲ್ ಕೊಡಬೇಕು ಎಂದು ಗೊತ್ತಿರಬೇಕು. ಹಾಗಾಗಿ ಈ ಟಿಪ್ಪಣಿ ಆ ಒಂದು ರಾತ್ರಿಯ ಬಗ್ಗೆ ಮಾತ್ರ.

ಒಂದು ಮಗುವನ್ನು ಇಟ್ಟುಕೊಂಡು ನೋಡೋಣ. ಎರಡೂವರೆ ವರ್ಷದ ಹುಡುಗಿ, ತೂಕ 12 ಕೆ.ಜಿ. ನಾಲ್ಕು ದಿನದಿಂದ ನೆಗಡಿ, ಮೂಗು ಕಟ್ಟಿದೆ. ಹಗಲೆಲ್ಲ ಆಡಿಕೊಂಡಿದ್ದಳು. ರಾತ್ರಿ 9 ಗಂಟೆಗೆ ನೆಗಡಿ ಸಿರಪ್ ಕುಡಿದು ಮಲಗಿದಳು. 1:30ಕ್ಕೆ ಬಲಗಿವಿ ಹಿಡಿದುಕೊಂಡು ಅಳುತ್ತಾ ಎದ್ದಳು. ಜ್ವರ 38.8 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 102 ಡಿಗ್ರಿ ಫ್ಯಾರನ್‌ಹೀಟ್.

ಹಗಲಿಲ್ಲದ ನೋವು ರಾತ್ರಿ ಯಾಕೆ?

ಕಿವಿ ತಮಟೆಯ ಒಳಬದಿಯಲ್ಲಿ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅದೇ ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ ಹೋಗುತ್ತದೆ, ಹೆಸರು ಯೂಸ್ಟೇಶಿಯನ್ ನಳಿಕೆ. ನಾವು ನುಂಗಿದಾಗ, ಆಕಳಿಸಿದಾಗ ಅದು ಕ್ಷಣ ತೆರೆದು ಗಾಳಿಯ ಒತ್ತಡ ಸಮ ಮಾಡುತ್ತದೆ, ಒಳಗಿನ ದ್ರವವನ್ನೂ ಹೊರಗೆ ಬಿಡುತ್ತದೆ. ದೊಡ್ಡವರಲ್ಲಿ ಈ ನಳಿಕೆ ಇಳಿಜಾರಾಗಿದೆ. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಮೆತ್ತಗೆ, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿಯಿಂದ ಒಳಪದರ ಊದಿದರೆ ಬೇಗ ಮುಚ್ಚಿಹೋಗುತ್ತದೆ. ಒಳಗೆ ದ್ರವ ನಿಲ್ಲುತ್ತದೆ. ಮೂಗಿನ ಹಿಂದಿದ್ದ ವೈರಸ್ ಅಥವಾ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕೀವಾಗುತ್ತದೆ. ಹೋಗಲು ದಾರಿಯಿಲ್ಲದ ಕೀವು ತಮಟೆಯನ್ನು ಹೊರಕ್ಕೆ ಉಬ್ಬಿಸುತ್ತದೆ. ನೋವೆಂದರೆ ಇದೇ, ತಮಟೆ ಬಿಗಿದುಕೊಳ್ಳುವುದು. ನೆಗಡಿ ಬಂದ ಮೂರು-ನಾಲ್ಕು ದಿನಕ್ಕೆ ಕಿವಿ ನೋಯುವುದು ಈ ಕಾರಣಕ್ಕೆ.

ಇನ್ನು ರಾತ್ರಿಯ ವಿಷಯ. ಮಲಗಿದಾಗ ತಲೆಯ ಭಾಗಕ್ಕೆ ರಕ್ತ ಜಾಸ್ತಿ ಬಂದು ಊತ ಹೆಚ್ಚುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಹಾಗಾಗಿ ನಳಿಕೆ ತೆರೆಯುವುದೂ ಕಡಿಮೆ. ಮನಸ್ಸು ಬೇರೆ ಕಡೆ ಹೋಗಲು ಆಟವೂ ಇಲ್ಲ. ಅಂದರೆ ರೋಗ ಒಮ್ಮೆಲೇ ಏರಿತು ಎಂದೇನಲ್ಲ, ಒತ್ತಡ ಏರಿದೆ.

ನಡುಗಿವಿಯೇ ಎಂದು ಹೇಗೆ ಹೇಳುವುದು?

ಮನೆಯಲ್ಲಿ ಖಚಿತವಾಗಿ ಹೇಳಲು ಆಗುವುದಿಲ್ಲ. ವೈದ್ಯರು ಆಟೋಸ್ಕೋಪ್‌ನಲ್ಲಿ ನೋಡುವುದೂ ಮುಖ್ಯವಾಗಿ ತಮಟೆ ಉಬ್ಬಿದೆಯಾ ಎಂದು. ಬರೀ ಕೆಂಪಾಗಿದ್ದರೆ ಸಾಲದು, ಜ್ವರಕ್ಕೂ ಜೋರು ಅಳುವಿಗೂ ತಮಟೆ ಕೆಂಪಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನಾನು ಒಮ್ಮೆ ತಪ್ಪು ಬರೆದಿದ್ದೇನೆ.

ಮಗು ಕಿವಿ ಎಳೆದುಕೊಂಡ ಮಾತ್ರಕ್ಕೆ ಸೋಂಕು ಎನ್ನಬೇಡಿ. ಹಲ್ಲು ಬರುವಾಗಲೂ, ನಿದ್ದೆ ಬಂದಾಗಲೂ ಎಳೆಯುತ್ತವೆ. ಆದರೆ ನೆಗಡಿ, ಹೊಸ ಜ್ವರ, ಮಲಗಿಸಿದರೆ ಜಾಸ್ತಿಯಾಗುವ ಅಳು, ಇವು ಒಟ್ಟಿಗೆ ಬಂದರೆ ಅನುಮಾನ ಗಟ್ಟಿ. ಕಿವಿ ತೂತಿನ ಮುಂದಿರುವ ಪುಟ್ಟ ಗುಬಟನ್ನು ಒತ್ತಿದಾಗ ಅಥವಾ ಹಾಲೆ ಎಳೆದಾಗ ಚುರ್ರೆಂದು ನೋವಾದರೆ ಅದು ಹೊರಗಿವಿಯ ನಾಳದ ಸೋಂಕು ಇರಬಹುದು. ನಡುಗಿವಿಯ ಸೋಂಕಿನಲ್ಲಿ ಹೊರಗೆ ಮುಟ್ಟಿದರೆ ಸಾಮಾನ್ಯವಾಗಿ ನೋವು ಹೆಚ್ಚುವುದಿಲ್ಲ.

ಈಗ ಔಷಧ: ತೂಕ ನೋಡಿ, ವಯಸ್ಸಲ್ಲ

ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 10ರಿಂದ 15 ಎಂಜಿ. ಎರಡು ಸಲದ ನಡುವೆ ಕನಿಷ್ಠ 4 ಗಂಟೆ, 24 ಗಂಟೆಯಲ್ಲಿ 4 ಸಲ ಮೀರಬಾರದು. ನಮ್ಮ ಹುಡುಗಿಗೆ 12 × 15 = 180 ಎಂಜಿ. ಇಲ್ಲಿಯವರೆಗೆ ಸುಲಭ.

ಎಡವುವುದು ಎಂಜಿಯನ್ನು ಎಂಎಲ್ ಮಾಡುವಾಗ. ಪ್ಯಾರಾಸಿಟಮಾಲ್ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ 5 ಎಂಎಲ್‌ಗೆ 120 ಎಂಜಿ ಎಂದಿದ್ದರೆ 1 ಎಂಎಲ್‌ನಲ್ಲಿ 24 ಎಂಜಿ ಇದೆ. 180 ಅನ್ನು 24ರಿಂದ ಭಾಗಿಸಿ: 7.5 ಎಂಎಲ್. ಅದೇ 5 ಎಂಎಲ್‌ಗೆ 250 ಎಂಜಿ ಇರುವ ಬಾಟಲಿಯಾದರೆ 1 ಎಂಎಲ್‌ನಲ್ಲಿ 50 ಎಂಜಿ, ಬೇಕಾದ್ದು 3.6 ಎಂಎಲ್. ಕೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ ಇದ್ದರೆ, 1.8 ಎಂಎಲ್ ಸಾಕು.

ಈಗ ತಪ್ಪು ಹೇಗಾಗುತ್ತದೆ ನೋಡಿ. ಹೋದ ಸಲ 7.5 ಎಂಎಲ್ ಕೊಟ್ಟ ನೆನಪು ಅಮ್ಮನಿಗಿದೆ. ಈ ಸಲ ಮನೆಯಲ್ಲಿರುವುದು 250ರ ಬಾಟಲಿ. ಅಷ್ಟೇ ಹಾಕಿದರೆ 375 ಎಂಜಿ, ಎರಡು ಪಟ್ಟು. ಡ್ರಾಪ್ಸ್ ಬಾಟಲಿಯಿಂದ ಅಷ್ಟೇ ಹಾಕಿದರೆ 750 ಎಂಜಿ. ಈ ಮಗುವಿಗೆ ಇಡೀ ದಿನದ ಮಿತಿಯೇ 180 × 4 = 720. ಒಂದೇ ಗುಟುಕಿನಲ್ಲಿ ಅದನ್ನು ದಾಟಿದ ಹಾಗಾಯಿತು. ಅದಕ್ಕೇ ‘ಎಷ್ಟು ಎಂಎಲ್’ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ, ನಾವು ಮೊದಲು ಕೇಳಬೇಕಾದ್ದು ‘ಬಾಟಲಿ ಮೇಲೆ ಏನು ಬರೆದಿದೆ, ಓದಿ’ ಎಂದು. ಅಳೆಯಲು ಬಾಟಲಿಯ ಜೊತೆ ಬಂದ ಕಪ್ ಅಥವಾ ಸೂಜಿಯಿಲ್ಲದ ಸಿರಿಂಜ್. ಅಡುಗೆಮನೆ ಚಮಚ ಬೇಡ, ಒಂದೊಂದು ಚಮಚ ಒಂದೊಂದು ಅಳತೆ.

ಇನ್ನೊಂದು ಬಲೆ 9 ಗಂಟೆಯ ನೆಗಡಿ ಸಿರಪ್. ಅಂಥ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಲೇಬಲ್ ನೋಡಿ. ಇದ್ದರೆ ಅದನ್ನೂ ಒಂದು ಸಲವೆಂದು ಎಣಿಸಿ. ಇಲ್ಲಿ 9ರಿಂದ 1:30ಕ್ಕೆ ನಾಲ್ಕೂವರೆ ಗಂಟೆಯಾಗಿದೆ, ಹಾಗಾಗಿ ಈಗ ಕೊಡಬಹುದು. 11 ಗಂಟೆಗೆ ಕೊಟ್ಟಿದ್ದರೆ ಕಾಯಬೇಕಿತ್ತು. ಅಂದಹಾಗೆ, ನೆಗಡಿ ಸಿರಪ್‌ನಿಂದ ಕಿವಿ ಸೋಂಕು ಬೇಗ ವಾಸಿಯಾಗುವುದಿಲ್ಲ, ಚಿಕ್ಕ ಮಕ್ಕಳಿಗೆ ಅದರ ಅಡ್ಡ ಪರಿಣಾಮವೇ ಜಾಸ್ತಿ.

ಔಷಧ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹತ್ತು ನಿಮಿಷಕ್ಕೆ ಅಳು ನಿಲ್ಲಲಿಲ್ಲ ಎಂದು ಮತ್ತೆ ಕೊಡುವುದು ರಾತ್ರಿ ಹೊತ್ತು ಆಗುವ ತಪ್ಪು. ಕೊಟ್ಟ ಸಮಯವನ್ನು ಚೀಟಿಯಲ್ಲಿ ಬರೆದಿಡಿ. ಅಪ್ಪ ಒಮ್ಮೆ, ಅಮ್ಮ ಒಮ್ಮೆ ಕೊಡುವುದು ಇದರಿಂದ ತಪ್ಪುತ್ತದೆ.

ಪ್ಯಾರಾಸಿಟಮಾಲ್‌ನಿಂದ ನೋವು ತಗ್ಗದಿದ್ದರೆ ಐಬುಪ್ರೊಫೆನ್ ಇದೆ. ಕೆ.ಜಿ.ಗೆ 5ರಿಂದ 10 ಎಂಜಿ, 6ರಿಂದ 8 ಗಂಟೆಗೊಮ್ಮೆ, ದಿನಕ್ಕೆ 3 ಸಲ. ಈ ಮಗುವಿಗೆ ಹೆಚ್ಚೆಂದರೆ 120 ಎಂಜಿ. 5 ಎಂಎಲ್‌ಗೆ 100 ಎಂಜಿ ಇರುವ ಸಿರಪ್‌ನಲ್ಲಿ ಅದು 6 ಎಂಎಲ್. ಏನಾದರೂ ತಿನ್ನಿಸಿ ಕೊಟ್ಟರೆ ಒಳ್ಳೆಯದು. 6 ತಿಂಗಳೊಳಗಿನ ಮಗುವಿಗೆ ವೈದ್ಯರು ಹೇಳದೆ ಬೇಡ. ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಚಿಕನ್‌ಪಾಕ್ಸ್ ಇದ್ದರೆ, ಡೆಂಗೆ ಇರಬಹುದೆಂಬ ಅನುಮಾನವಿದ್ದರೆ ಕೊಡಬಾರದು. ಎರಡೂ ಸೇರಿಸಿದ ಸಿರಪ್‌ಗಳೂ ಇವೆ. ಅದನ್ನು ಕೊಟ್ಟ ಮೇಲೆ ಬೇರೆ ಪ್ಯಾರಾಸಿಟಮಾಲ್ ಕೊಟ್ಟರೆ ಮತ್ತೆ ಅದೇ ಎರಡು ಪಟ್ಟಿನ ಕಥೆ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಬೇಡವೇ ಬೇಡ. ರೈ ಸಿಂಡ್ರೋಮ್ ಎಂಬ ಕಾಯಿಲೆ ಬಂದು ಮಿದುಳಿಗೂ ಲಿವರ್‌ಗೂ ಹಾನಿಯಾಗಬಹುದು.

ಔಷಧ ಏರುವ ತನಕ

ಮಗುವನ್ನು ಎತ್ತಿಕೊಂಡು ತಲೆ ಮೇಲಿರುವಂತೆ ಭುಜಕ್ಕೆ ಒರಗಿಸಿಕೊಳ್ಳಿ. ಗುಟುಕು ಗುಟುಕಾಗಿ ನೀರು ಕುಡಿಸಿ, ನುಂಗಿದಾಗಲೆಲ್ಲ ನಳಿಕೆ ತೆರೆಯಲು ಅವಕಾಶ. ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಕಿವಿಯ ಮೇಲೆ ಕೆಲವು ನಿಮಿಷ ಇಡಬಹುದು. ಬಿಸಿಯನ್ನು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿಕೊಳ್ಳಿ. ಕೂಸಿಗೆ ತಲೆದಿಂಬು ಇಡಬೇಡಿ, ಉಸಿರು ಕಟ್ಟುವ ಅಪಾಯವಿದೆ.

ಕಿವಿಗೆ ಎಣ್ಣೆ ಬಿಡುವುದು ಹಳೆಯ ರೂಢಿ, ಅಲ್ವಾ? ಎಣ್ಣೆ ನಿಲ್ಲುವುದು ತಮಟೆಯ ಹೊರಗೆ, ಕೀವಿರುವುದು ಒಳಗೆ. ತಮಟೆ ಈಗಾಗಲೇ ತೂತಾಗಿದ್ದರೆ ಎಣ್ಣೆ ಸೀದಾ ನಡುಗಿವಿಗೆ ಇಳಿಯುತ್ತದೆ. ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದ ಇಯರ್ ಡ್ರಾಪ್ಸ್‌ಗೂ ಇದೇ ಮಾತು.

ಬೆಳಿಗ್ಗೆ ಆಂಟಿಬಯೋಟಿಕ್ ಬೇಕೇ?

ಆಂಟಿಬಯೋಟಿಕ್ ನೋವಿನ ಔಷಧವಲ್ಲ. ಮೊದಲ 24 ಗಂಟೆಯ ನೋವಿನಲ್ಲಿ ಅದು ತೆಗೆದುಕೊಂಡ ಮಕ್ಕಳಿಗೂ ತೆಗೆದುಕೊಳ್ಳದ ಮಕ್ಕಳಿಗೂ ವ್ಯತ್ಯಾಸ ಕಾಣುವುದಿಲ್ಲ. 100 ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಒಂದು ದಿನದೊಳಗೆ ನೋವು ಹೋಗಿರುತ್ತದೆ. ಹಾಗಾಗಿ ನಮ್ಮ ಹುಡುಗಿಯಂತೆ ಎರಡು ವರ್ಷ ದಾಟಿದ, ಒಂದೇ ಕಿವಿಯ, ತೀರಾ ತೀವ್ರವಲ್ಲದ ಸೋಂಕಿಗೆ ವೈದ್ಯರು ಪರೀಕ್ಷಿಸಿ, ನೋವಿನ ಔಷಧ ಕೊಟ್ಟು, 2-3 ದಿನ ಕಾದು ನೋಡೋಣ ಎನ್ನಬಹುದು. ಅದು ಅಸಡ್ಡೆಯಲ್ಲ. 6 ತಿಂಗಳೊಳಗಿನ ಕೂಸು, ಎರಡು ವರ್ಷದೊಳಗೆ ಎರಡೂ ಕಿವಿಗೆ ಬಂದ ಸೋಂಕು, ಕಿವಿ ಸೋರಿಕೆ, 39 ಡಿಗ್ರಿ ಮುಟ್ಟಿದ ಜ್ವರ, ಎರಡು ದಿನವಾದರೂ ಬಿಡದ ನೋವು, ಇಲ್ಲೆಲ್ಲ ಆಂಟಿಬಯೋಟಿಕ್ ಕಡೆಗೆ ತಕ್ಕಡಿ ವಾಲುತ್ತದೆ.

ಬೆಳಗಿನ ಜಾವ ಮಗು ಇದ್ದಕ್ಕಿದ್ದಂತೆ ಆರಾಮಾಗಿ, ದಿಂಬಿನ ಮೇಲೆ ಹಳದಿ ಕಲೆ ಕಂಡರೆ ತಮಟೆ ಸಣ್ಣದಾಗಿ ಒಡೆದು ಕೀವು ಹೊರಬಂದಿದೆ. ಒತ್ತಡ ಇಳಿಯಿತು, ನೋವೂ ಇಳಿಯಿತು. ಗಾಬರಿ ಬೇಡ, ಇಂಥ ತೂತು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ. ಆದರೆ ವೈದ್ಯರಿಗೆ ತೋರಿಸಲೇಬೇಕು. ಹೊರಗೆ ಬಂದದ್ದನ್ನು ಮಾತ್ರ ಒರೆಸಿ. ಒಳಗೆ ಬಡ್ಸ್ ಹಾಕಬೇಡಿ, ನೀರು ಹೋಗದಂತೆ ನೋಡಿಕೊಳ್ಳಿ.

ಬೆಳಗಿನ ತನಕ ಕಾಯಬಾರದ ಸಂದರ್ಭಗಳೂ ಇವೆ. ಕಿವಿಯ ಹಿಂದಿನ ಮೂಳೆಯ ಮೇಲೆ ಊದಿ ಕೆಂಪಾಗಿ, ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ ಸೋಂಕು ಮೂಳೆಗೆ ಹಬ್ಬಿರಬಹುದು. ಎರಡೂ ಕಿವಿಯನ್ನು ಹಿಂದಿನಿಂದ ಹೋಲಿಸಿ ನೋಡಿದರೆ ಬೇಗ ಗೊತ್ತಾಗುತ್ತದೆ. ಮುಖ ಒಂದು ಕಡೆ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಏನು ಕುಡಿದರೂ ವಾಂತಿಯಾಗುತ್ತಿದ್ದರೆ ಆಗಲೇ ಆಸ್ಪತ್ರೆಗೆ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಕಿವಿಯ ಲೆಕ್ಕ ಬಿಟ್ಟು ಮೊದಲು ಹೊರಡಿ.

ನೋವು, ಜ್ವರ ಹೋದ ಮೇಲೂ ನಡುಗಿವಿಯಲ್ಲಿ ದ್ರವ ಕೆಲವು ವಾರ ಉಳಿಯುತ್ತದೆ. ಕರೆದರೆ ತಿರುಗಿ ನೋಡದ, ಟಿವಿ ಸದ್ದು ಜಾಸ್ತಿ ಮಾಡುವ ಮಗುವನ್ನು ಹಟಮಾರಿ ಎನ್ನುವ ಮುನ್ನ ಇದನ್ನು ನೆನಪಿಸಿಕೊಳ್ಳಿ. ಮೂರು ತಿಂಗಳಾದರೂ ಹಾಗೇ ಇದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು.