ಚಿಕ್ಕಮ್ಮನಿಗೆ ಬೆಳಗಿನ ವಿಮಾನ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಚಿಕ್ಕಮ್ಮ ಮೊದಲ ಸಲ ವಿಮಾನ ಹತ್ತಿದರು. ಮಂಗಳೂರಿನಿಂದ ಬೆಂಗಳೂರಿಗೆ. ಟಿಕೆಟ್ ಮಾಡಿದವನು ನಾನು. ಮಧ್ಯಾಹ್ನ ಮೂರೂವರೆಯದು ಅಗ್ಗಕ್ಕೆ ಸಿಕ್ಕಿತು, ಸೀಟು ಯಾವುದು ಅಂತ ನೋಡಲೇ ಇಲ್ಲ. ಕೊನೆಯಿಂದ ಎರಡನೇ ಸಾಲಿನಲ್ಲಿ ನಡುವಿನ ಸೀಟು ಬಂತು. ಇಳಿಯುವ ಮುಂಚೆ ಹದಿನೈದು ನಿಮಿಷ ವಿಮಾನ ಕುಲುಕಾಡಿತು. ಎಡಕ್ಕೊಬ್ಬರು, ಬಲಕ್ಕೊಬ್ಬರು, ಅಲ್ಲಾಡಲೂ ಜಾಗವಿಲ್ಲ. "ಸಾವಿರ ಅಡಿ ಕೆಳಗೆ ಬಿದ್ದ ಹಾಗಾಯ್ತು. ಇನ್ನು ಆ ಸಹವಾಸವೇ ಬೇಡ ಮಾರಾಯ, ಬಸ್ಸಲ್ಲೇ ಬರ್ತೇನೆ" ಎಂದರು.

ಈ ಏಪ್ರಿಲ್‌ನಲ್ಲಿ ಅವರು ಮತ್ತೆ ಬರಬೇಕಾಯಿತು. ಘಾಟಿಯ ತಿರುವುಗಳಲ್ಲಿ ಎಂಟು ಗಂಟೆ ಕೂರಲು ಸೊಂಟ ಕೇಳುತ್ತಿಲ್ಲ. ಹಾಗಾಗಿ ಈ ಸಲ ಹೊತ್ತು, ವಿಮಾನ, ಸೀಟು ಮೂರನ್ನೂ ಇಬ್ಬರೂ ಕೂತು ಆರಿಸಿದೆವು. ಇದೇ ಕ್ರಮದಲ್ಲಿ. ಮೊದಲಿನದು ಸರಿಹೋದರೆ ಉಳಿದೆರಡು ಹಗುರಾಗುತ್ತವೆ.

ಬೇಸಿಗೆಯಲ್ಲಿ ನಮ್ಮ ಕಡೆ ವಿಮಾನ ಕುಲುಕುವುದಕ್ಕೆ ಮುಖ್ಯ ಕಾರಣ ಬಿಸಿಲು. ನೆಲ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ. ಎಲ್ಲ ಕಡೆ ಒಂದೇ ಸಮ ಅಲ್ಲ. ಬರಿ ಬಂಡೆ, ಡಾಂಬರು, ಉತ್ತ ಹೊಲದ ಮೇಲೆ ಜಾಸ್ತಿ, ಕೆರೆ ತೋಪುಗಳ ಮೇಲೆ ಕಡಿಮೆ. ಒಂದು ಕಡೆ ಗಾಳಿ ಏಳುತ್ತಿದ್ದರೆ ಪಕ್ಕದಲ್ಲಿ ಇಳಿಯುತ್ತಿರುತ್ತದೆ. ವಿಮಾನ ಇವೆರಡನ್ನೂ ಒಂದಾದ ಮೇಲೊಂದು ದಾಟುವಾಗ ದಡಬಡ ಆಗುತ್ತದೆ. ಈ ಗಾಳಿಯನ್ನು ನೋಡಬೇಕೆಂದರೆ ಹದ್ದುಗಳನ್ನು ನೋಡಿ. ಮುಂಜಾನೆ ಅವು ಮರದ ಮೇಲೆ ಸುಮ್ನೆ ಕೂತಿರುತ್ತವೆ, ಹಾರಿದರೂ ರೆಕ್ಕೆ ಬಡಿಯುತ್ತವೆ. ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆ ಗಿರಗಿರ ಸುತ್ತುತ್ತಾ ಮೇಲೇರುತ್ತವೆ. ಅವನ್ನು ಎತ್ತುವ ಗಾಳಿಯೇ ವಿಮಾನವನ್ನೂ ಎತ್ತಿ ಹಾಕುವುದು.

ಈ ಕಲಕು ಮಧ್ಯಾಹ್ನದ ಹೊತ್ತಿಗೆ ಬಯಲುಸೀಮೆಯ ಮೇಲೆ ಎರಡು ಮೂರು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ. ಬೆಂಗಳೂರಿಗೆ ಇಳಿಯುವ ವಿಮಾನ ಕೊನೆಯ ಹತ್ತು ಹದಿನೈದು ನಿಮಿಷ ಅದರೊಳಗೇ ಬರಬೇಕು. ಚಿಕ್ಕಮ್ಮ ಕಂಗೆಟ್ಟಿದ್ದು ಅಲ್ಲೇ. ಸಂಜೆಯಾದರೆ ಇನ್ನೊಂದು ಕಷ್ಟ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಸುರಿಯುವುದು ಆ ಹೊತ್ತಿಗೇ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿಯೂ ನೆಲೆ ನಿಲ್ಲುತ್ತದೆ. ಬೆಳಿಗ್ಗೆ ಎಂಟರೊಳಗೆ ಇಳಿಯುವ ವಿಮಾನ ನಿಂತ ಕೆರೆಯಲ್ಲಿ ದೋಣಿ ಹೋದ ಹಾಗೆ ಹೋಗುವುದು ಅದಕ್ಕೇ. ನಾವು ಏಳಕ್ಕೆ ಮುಂಚೆ ಹೊರಡುವುದನ್ನು ಆರಿಸಿದೆವು. ವಾರದ ನಡುವಿನ ಬುಧವಾರ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಂದ ವಿಮಾನ ತುಂಬಿರುತ್ತದೆ, ಅದು ಚಿಕ್ಕಮ್ಮನ ಎರಡನೇ ಭಯ.

ಈಗ ವಿಮಾನದ ಗಾತ್ರ. ದೊಡ್ಡದಾದಷ್ಟೂ ಕಡಿಮೆ ಕುಲುಕುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ನೋಡಬೇಕಾದ್ದು ರೆಕ್ಕೆಯ ಒಂದು ಚದರ ಮೀಟರ್ ಎಷ್ಟು ಭಾರ ಹೊರುತ್ತದೆ ಎಂದು. ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ತುಂಬಿ ಹೊರಟಾಗ ಸುಮಾರು 23 ಟನ್ ತೂಗುತ್ತದೆ, ರೆಕ್ಕೆ 61 ಚದರ ಮೀಟರ್. ಅಂದರೆ ಚದರ ಮೀಟರಿಗೆ 375 ಕಿಲೋದಷ್ಟು. ಏರ್‌ಬಸ್ 320 ಎಂಬ ಜೆಟ್ ವಿಮಾನದಲ್ಲಿ ಅದು 600 ಕಿಲೋ ದಾಟುತ್ತದೆ. ಒಂದೇ ಗಾಳಿಯ ಹೊಡೆತಕ್ಕೆ ಹಗುರ ಹೊರೆಯ ರೆಕ್ಕೆ ಜಾಸ್ತಿ ಎಗರುತ್ತದೆ. ಆದರೆ ಎಟಿಆರ್ ನಿಧಾನಕ್ಕೆ ಹೋಗುತ್ತದೆ. ರಸ್ತೆ ಉಬ್ಬನ್ನು ನಿಧಾನಕ್ಕೆ ದಾಟಿದರೆ ಏಟು ಕಡಿಮೆ ಅಲ್ವಾ, ಹಾಗೆ ಆ ವ್ಯತ್ಯಾಸ ಸ್ವಲ್ಪ ತುಂಬಿಕೊಳ್ಳುತ್ತದೆ. ಜೆಟ್ ವಿಮಾನಕ್ಕೆ ಇನ್ನೊಂದು ಅನುಕೂಲ, 39,000 ಅಡಿಯವರೆಗೆ ಏರಬಲ್ಲದು. ಎಟಿಆರ್‌ಗೆ 25,000 ಅಡಿಯೇ ಮಿತಿ. ದೆಹಲಿಗೆ ಹೋಗುವಾಗ ಇದು ದೊಡ್ಡ ಮಾತು. ಮಂಗಳೂರು ಬೆಂಗಳೂರಿನ ನಡುವೆ ಅಲ್ಲ. ಇರುವುದೇ 300 ಕಿಲೋಮೀಟರ್ ದಾರಿ, ಜೆಟ್ ಕೂಡ ಏರಿದ ಸ್ವಲ್ಪ ಹೊತ್ತಿಗೇ ಇಳಿಯಲು ಶುರು ಮಾಡಬೇಕು.

ಜನಜಂಗುಳಿಯ ಭಯಕ್ಕಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಏರ್‌ಬಸ್‌ನಲ್ಲಿ 180 ಜನ, ಆ ಕಡೆ ಮೂರು, ಈ ಕಡೆ ಮೂರು. ಎಟಿಆರ್‌ನಲ್ಲಿ ಹೆಚ್ಚೆಂದರೆ 78 ಜನ, ಎರಡೆರಡು ಸೀಟು. ನಡುವಿನ ಸೀಟೇ ಇಲ್ಲ! ಒಳಗಿನ ಚಾವಣಿ ಮಾತ್ರ ತಗ್ಗು. ಗೂಡಿನಂಥ ಜಾಗಕ್ಕೆ ಹೆದರುವವರಿಗೆ ಅದು ಆಗಿಬರುವುದಿಲ್ಲ. "ನಿಮಗೆ ಜಾಗ ಚಿಕ್ಕದಾಗಿದ್ದದ್ದು ಕಷ್ಟವಾಯಿತೋ, ಜನರ ನಡುವೆ ಸಿಕ್ಕಿಕೊಂಡದ್ದೋ?" ಎಂದು ಕೇಳಿದೆ. "ಜನ" ಎಂದರು. ಮಧ್ಯಾಹ್ನವಾಗಿದ್ದರೆ ನಾನು ಎಟಿಆರ್ ಬೇಡ ಎನ್ನುತ್ತಿದ್ದೆ. ಬೆಳಗಿನ ನಿಂತ ಗಾಳಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹಾಗಾಗಿ ಚಿಕ್ಕ ವಿಮಾನವನ್ನೇ ಹಿಡಿದೆವು. ಟಿಕೆಟ್ ಮಾಡುವಾಗ ಪರದೆಯ ಮೇಲೆ ATR ಅಥವಾ A320 ಎಂದು ಇರುತ್ತದೆ, ಅದನ್ನು ನೋಡಿದರೆ ಸಾಕು. ಕೊನೆಗಳಿಗೆಯಲ್ಲಿ ವಿಮಾನ ಬದಲಾಗುವುದೂ ಉಂಟು. ಆಗ ಸೀಟನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಸೀಟಿನ ಮಾತು ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವುದೇ. ಹಿಂದಿನ ಚಕ್ರದಿಂದ ಆಚೆಗಿರುವ ಸೀಟು ಎಗರಿಸಿ ಹಾಕುತ್ತದೆ, ಎರಡು ಚಕ್ರಗಳ ನಡುವಿನದು ಅಷ್ಟಾಗಿ ಇಲ್ಲ. ವಿಮಾನದ ಭಾರವೆಲ್ಲ ಸಮತೂಗುವ ಜಾಗ ರೆಕ್ಕೆಯ ಹತ್ತಿರ ಇರುತ್ತದೆ. ಮೂತಿ ಮೇಲೆ ಕೆಳಗೆ ಆದಾಗ, ಬಾಲ ಆಚೀಚೆ ಬೀಸಿದಾಗ, ಅದು ಈ ಜಾಗದ ಸುತ್ತಲೇ ತಿರುಗುತ್ತದೆ. ಅಲ್ಲಿ ಕೂತವರಿಗೆ ತೂಗಾಟ ಕಡಿಮೆ, ಬಾಲದಲ್ಲಿ ಕೂತವರಿಗೆ ಎಲ್ಲಕ್ಕಿಂತ ಹೆಚ್ಚು. ಇಡೀ ವಿಮಾನವನ್ನೇ ಎತ್ತಿ ಇಳಿಸುವ ಗಾಳಿಗೆ ಮಾತ್ರ ಎಲ್ಲ ಸೀಟೂ ಒಂದೇ. ಎಟಿಆರ್‌ನಲ್ಲಿ ಪ್ರೊಪೆಲ್ಲರ್ ರೆಕ್ಕೆಯ ಮುಂದೆ ತಿರುಗುತ್ತದೆ, ಅದರ ಪಕ್ಕದ ಸಾಲುಗಳಲ್ಲಿ ಸದ್ದು ಬಲು ಜಾಸ್ತಿ. ರೆಕ್ಕೆಗಿಂತ ಒಂದೆರಡು ಸಾಲು ಹಿಂದಾದರೆ ತೂಗಾಟವೂ ಕಡಿಮೆ, ಸದ್ದೂ ಕಡಿಮೆ. ಹತ್ತಿ ಇಳಿಯುವ ಬಾಗಿಲು ಅದರಲ್ಲಿ ಹಿಂದೆ ಇರುವುದರಿಂದ ಇಳಿಯುವಾಗ ನೂಕುನುಗ್ಗಲೂ ಕಡಿಮೆ. ಅಲ್ಲೇ, ನಡೆಯುವ ದಾರಿಯ ಪಕ್ಕದ ಸೀಟು ತೆಗೆದುಕೊಂಡೆವು.

ಇನ್ನು ಸಾವಿರ ಅಡಿ ಬಿದ್ದ ಮಾತು. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಎತ್ತರ ತಿಳಿಯದು, ವೇಗ ತಟ್ಟನೆ ಬದಲಾದದ್ದಷ್ಟೇ ತಿಳಿಯುತ್ತದೆ. ಹೊರಗೆ ನೆಲ ಕಾಣದಿದ್ದರೆ ನಾಲ್ಕಾರು ಮೀಟರ್ ಇಳಿದದ್ದೂ ಪಾತಾಳಕ್ಕೆ ಬಿದ್ದ ಹಾಗೆ ಅನಿಸುತ್ತದೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಬೋಯಿಂಗ್ 777 ಮ್ಯಾನ್ಮಾರ್ ಮೇಲೆ ಭಾರಿ ಹೊಡೆತಕ್ಕೆ ಸಿಕ್ಕಿತು. ಒಬ್ಬರು ತೀರಿಕೊಂಡರು, ಹಲವರ ತಲೆ, ಬೆನ್ನೆಲುಬಿಗೆ ಪೆಟ್ಟಾಯಿತು. ಅಂಥ ದುರಂತದಲ್ಲೂ ಆ ಗಳಿಗೆಯಲ್ಲಿ ವಿಮಾನ ಇಳಿದದ್ದು 178 ಅಡಿ. ಅಷ್ಟು ದೊಡ್ಡ ವಿಮಾನವೂ ಕಾಪಾಡಲಿಲ್ಲ, ಹಾಗಂತ ಅದು ಮುರಿಯಲೂ ಇಲ್ಲ, ಬ್ಯಾಂಕಾಕ್‌ನಲ್ಲಿ ಇಳಿಯಿತು. ಬೆಲ್ಟ್ ಇಲ್ಲದವರು ಚಾವಣಿಗೆ ಹೋಗಿ ಬಡಿದಿದ್ದರು. ಚಿಕ್ಕಮ್ಮನಿಗೆ ನಾನು ಇದನ್ನು ಮುಚ್ಚಿಡಲಿಲ್ಲ. ಬೆಲ್ಟ್ ಕಟ್ಟಿಕೊಳ್ಳಿ ಎನ್ನುವ ದೀಪ ಆರಿದ ಮೇಲೂ ಅದನ್ನು ಬಿಚ್ಚಬೇಡಿ, ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ಬಿಗಿಯಾಗಿರಲಿ ಎಂದೆ.

ಅರ್ಧ ತುಂಬಿದ ನೀರಿನ ಬಾಟಲಿಯನ್ನು ಮುಂದಿನ ತಟ್ಟೆಯ ಮೇಲೆ ಇಟ್ಟುಕೊಳ್ಳಿ, ಹೆದರಿಕೆಯಾದಾಗ ಅದನ್ನೇ ನೋಡಿ ಎಂದೂ ಹೇಳಿದ್ದೆ. ಮೈ ಹೇಳುವಷ್ಟು ನೀರು ಅಲ್ಲಾಡುವುದಿಲ್ಲ. ಘಟ್ಟದ ಮೇಲೆ ಒಂದು ಸಲ ನೀರು ನಡುಗಿತಂತೆ, ಅಷ್ಟೇ.

ಡಿಸೆಂಬರ್‌ನಲ್ಲಿ ಅವರು ಮತ್ತೆ ಬರುತ್ತಾರೆ. ಆಗ ಏಳರ ವಿಮಾನ ಬೇಡ. ಚಳಿಗಾಲದ ಬೆಳಿಗ್ಗೆ ದೇವನಹಳ್ಳಿಯಲ್ಲಿ ಮಂಜು ಕವಿದರೆ ಜನ ತುಂಬಿದ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕು. ಆ ಬಿಸಿಲಿಗೆ ನೆಲ ಅಷ್ಟು ಕಾಯುವುದೂ ಇಲ್ಲ. ಹತ್ತರದ್ದನ್ನು ನೋಡಿಟ್ಟಿದ್ದೇನೆ.