ಮಳೆಗಾಲದಲ್ಲಿ ಮಾಸಿದ ಬಂಗು ಅಡಿಕೆ ಕೊಯ್ಲಿಗೆ ಮತ್ತೆ ಕಪ್ಪಾಗುವುದೇಕೆ?

ಪ್ರಶ್ನೆ: ನನಗೆ 34 ವರ್ಷ, ತೀರ್ಥಹಳ್ಳಿ ಕಡೆಯವಳು. ಎರಡನೇ ಬಸುರಿನಲ್ಲಿ ಎರಡೂ ಕೆನ್ನೆಗೆ ಬಂಗು ಬಂತು. ಜೂನ್‌ನಲ್ಲಿ ಮೆಡಿಕಲ್ ಶಾಪಿನಿಂದ ಕ್ರೀಮ್ ತಂದು ಹಚ್ಚಿದೆ. ಆಗಸ್ಟ್ ಹೊತ್ತಿಗೆ ಮುಕ್ಕಾಲು ಪಾಲು ಹೋಯಿತು. ದೀಪಾವಳಿ ಕಳೆದು ಕೊಯ್ಲು ಶುರುವಾದ ಮೇಲೆ ಮೊದಲಿಗಿಂತ ಕಪ್ಪಾಗಿದೆ. ಪೂರ್ತಿ ಹೋಗುವ ಔಷಧಿ ಇಲ್ಲವೇ?

ಉತ್ತರ: ಆಗಸ್ಟ್‌ನಲ್ಲಿ ಬಂಗು ಮಾಸಿದ ಕೀರ್ತಿಯಲ್ಲಿ ಒಂದು ಪಾಲು ಮೋಡಕ್ಕೂ ಸೇರಬೇಕು. ಮಲೆನಾಡಿನ ಮಳೆಗಾಲದಲ್ಲಿ ಏನೂ ಹಚ್ಚದವರ ಬಂಗೂ ಸ್ವಲ್ಪ ಮಾಸುತ್ತದೆ. ಹಾಗಾಗಿ ಕ್ರೀಮಿನ ಯೋಗ್ಯತೆ ಗೊತ್ತಾಗುವುದು ನವೆಂಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲಿನಲ್ಲಿ.

ಬಸುರಿನ ಹಾರ್ಮೋನುಗಳು ಚರ್ಮದ ಬಣ್ಣ ತಯಾರಿಸುವ ಜೀವಕೋಶಗಳನ್ನು ಕೆರಳಿಸುತ್ತವೆ. ಹೆರಿಗೆಯಾದ ಮೇಲೆ ಕೆಲವರಿಗೆ ಬಂಗು ತಾನಾಗಿ ಇಳಿಯುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಉಳಿದವರಲ್ಲಿ ಆ ಕೋಶಗಳು ಸ್ವಲ್ಪ ಬಿಸಿಲು ಬಿದ್ದರೂ ಎಚ್ಚೆತ್ತುಕೊಳ್ಳುತ್ತವೆ. ಅಡಿಕೆ ಹರವುವ ಅಂಗಳದಲ್ಲಿ ಬೆಳಗಿನಿಂದ ಸಂಜೆವರೆಗೆ ಇದ್ದರೆ ಅಷ್ಟು ಸಾಕು. ಅಡಿಕೆ ಬೇಯಿಸುವ ಒಲೆಯ ಝಳವೂ ಕೆಲವರಿಗೆ ಆಗಿಬರುವುದಿಲ್ಲ.

ಇಲ್ಲಿ ಒಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಬಂಗನ್ನು ಕಪ್ಪಾಗಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದಕ್ಕೇ ಬಿಳಿ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಮೇಲು. ಎಸ್‌ಪಿಎಫ್ 30 ಅಥವಾ ಹೆಚ್ಚಿನದು ಇರಲಿ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ ಹಿಂಡಿಕೊಂಡರೆ ಮುಖ, ಕುತ್ತಿಗೆಗೆ ಬೇಕಾದಷ್ಟಾಯಿತು. ಬೆವರುವ ಕೆಲಸವಾದ್ದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹಾಳೆ ಟೊಪ್ಪಿ ತಲೆ ಕಾಯುತ್ತದೆ, ಕೆನ್ನೆಯನ್ನಲ್ಲ. ಅಗಲ ಅಂಚಿನ ಟೋಪಿ ಬೇಕು.

ಈಗ ನಿಮ್ಮ ಕ್ರೀಮ್. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಮೂರೂ ಇದೆಯೇ ನೋಡಿ. ಮೂರನೆಯದು ಸ್ಟೀರಾಯ್ಡ್. ಈ ಮಿಶ್ರಣ ಕೆಲಸ ಮಾಡುತ್ತದೆ ನಿಜ, ಆದರೆ ವೈದ್ಯರ ಕಣ್ಣಳತೆಯಲ್ಲಿ, ರಾತ್ರಿ ಮಾತ್ರ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ. ಅದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಇವುಗಳಲ್ಲಿ ಒಂದು ಕಂಡರೂ ಚರ್ಮವೈದ್ಯರಿಗೆ ತೋರಿಸಿ. ಬಹಳ ಕಾಲ ಹಚ್ಚಿದ್ದರೆ ನಿಲ್ಲಿಸುವುದನ್ನೂ ಅವರು ಹೇಳಿದ ಹಾಗೆಯೇ ಮಾಡಿ.

ಪೂರ್ತಿ ಹೋಗುತ್ತದೆಯೇ? ಎರಡು ಮೂರು ತಿಂಗಳಲ್ಲಿ ತಿಳಿಯಾಗುತ್ತದೆ ಎಂದು ಎಣಿಸಬಹುದು. ಮರಳಿ ಬರುವುದಿಲ್ಲ ಎಂದು ಯಾರೂ ಮಾತು ಕೊಡಲಾರರು. ಮೇಲ್ಪದರದ ಕಂದು ಕಲೆ ಬೇಗ ಇಳಿಯುತ್ತದೆ, ಆಳದ ಬೂದುಬಣ್ಣದ್ದು ಹಟಮಾರಿ. ಲೇಸರ್ ಎಂದು ಅವಸರ ಬೇಡ, ನಮ್ಮ ಮೈಬಣ್ಣದಲ್ಲಿ ಅದರಿಂದಲೇ ಕಪ್ಪು ಹೆಚ್ಚಾಗುವುದುಂಟು.

ವೈದ್ಯರ ಬಳಿ ಹೋದಾಗ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಮತ್ತೆ ಬಸುರಾಗುವ ಯೋಚನೆಯಿದ್ದರೆ ಮೊದಲೇ ಹೇಳಿ. ಆ ಮಾತ್ರೆಯೇ ಬಂಗಿಗೆ ಕಾರಣವಾಗಿರಬಹುದು. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಅದರ ಜೊತೆ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.