ನಿನ್ನೆಯ ಜಾಹೀರಾತಿನ ಲೆಕ್ಕ ಇನ್ನೂ ಮುಗಿದಿಲ್ಲ

ಲೆಕ್ಕಕ್ಕೆಂದು ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ರೇಷ್ಮೆ ಸೀರೆ ಅಂಗಡಿ. ಜೊತೆಗೊಂದು ವೆಬ್‌ಸೈಟ್, ಅದಕ್ಕೆ ಗಿರಾಕಿಗಳನ್ನು ತರಲು ಗೂಗಲ್ ಸರ್ಚ್‌ನಲ್ಲಿ ಜಾಹೀರಾತು. ಕ್ಲಿಕ್ಕಿಗೆ 15 ರೂಪಾಯಿಯಂತೆ ದಿನಕ್ಕೆ 800 ಕ್ಲಿಕ್, ಅಂದರೆ 12,000 ರೂಪಾಯಿ ಖರ್ಚು. ಸೋಮವಾರ ಬೆಳಿಗ್ಗೆ ಮಾಲೀಕರು ಕಳೆದ ಏಳು ದಿನಗಳ ರಿಪೋರ್ಟ್ ತೆರೆಯುತ್ತಾರೆ. ಹಿಂದಿನ ಸೋಮವಾರದ ಸಾಲಿನಲ್ಲಿ 16 ಆರ್ಡರ್ ಇದೆ. ಮಂಗಳವಾರ 15, ಬುಧವಾರ 14, ಗುರುವಾರ 13, ಶುಕ್ರವಾರ 12, ಶನಿವಾರ 10, ನಿನ್ನೆ ಭಾನುವಾರ ಬರೀ 8. ಮೆಟ್ಟಿಲಿಳಿದ ಹಾಗೆ ಇಳಿದಿದೆ. ವಾರಕ್ಕೆ 84,000 ರೂಪಾಯಿ ಸುರಿದು ಬಂದದ್ದು 88 ಆರ್ಡರ್, ಒಂದಕ್ಕೆ ಸುಮಾರು 955 ರೂಪಾಯಿ ಬಿತ್ತು. ಅದಕ್ಕೂ ಹಿಂದಿನ ವಾರ ಅಷ್ಟೇ ಹಣಕ್ಕೆ 121 ಆರ್ಡರ್, ಒಂದಕ್ಕೆ 694 ರೂಪಾಯಿ. ವಾರದಿಂದ ವಾರಕ್ಕೆ 27% ಇಳಿಕೆ ಎಂದು ರಿಪೋರ್ಟ್ ಹೇಳುತ್ತದೆ.

ಆದರೆ ಈ ಅಂಗಡಿಯ ಜಾಹೀರಾತಿನಲ್ಲಿ ಏನೂ ಬದಲಾಗಿಲ್ಲ. ಪ್ರತಿ ದಿನದ ಕ್ಲಿಕ್ಕುಗಳೂ ಕೊನೆಗೆ 20 ಆರ್ಡರ್ ತರುತ್ತವೆ, ಒಂದು ಆರ್ಡರಿಗೆ 600 ರೂಪಾಯಿ ಬೀಳುತ್ತದೆ. ಈ ವಾರಕ್ಕೂ ಅದೇ, ಕಳೆದ ವಾರಕ್ಕೂ ಅದೇ.

ಹೀಗಾಗಲು ಮೂಲ ಕಾರಣ, ಗೂಗಲ್ ಆ್ಯಡ್ಸ್ ಆರ್ಡರನ್ನು ಯಾವ ದಿನದ ಖಾತೆಗೆ ಹಾಕುತ್ತದೆ ಎಂಬುದು. ದುಡ್ಡು ಬಂದ ದಿನಕ್ಕಲ್ಲ, ಕ್ಲಿಕ್ ಆದ ದಿನಕ್ಕೆ. ಭಾನುವಾರ ಒಬ್ಬರು ಜಾಹೀರಾತು ಒತ್ತಿ ಸೀರೆ ನೋಡುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೆ ಕಳಿಸುತ್ತಾರೆ, ಇನ್ನೆರಡು ಅಂಗಡಿಗಳ ಬೆಲೆ ವಿಚಾರಿಸುತ್ತಾರೆ, ಸಂಬಳ ಬಂದ ಮೇಲೆ ಗುರುವಾರ ಕೊಳ್ಳುತ್ತಾರೆ. ಆ ಆರ್ಡರ್ ಹಿಂದಕ್ಕೆ ಹೋಗಿ ಭಾನುವಾರದ ಸಾಲಿಗೆ ಸೇರುತ್ತದೆ. ಕ್ಲಿಕ್ಕಿಗೂ ಖರೀದಿಗೂ ನಡುವಿನ ಈ ಅಂತರವೇ ಕನ್ವರ್ಷನ್ ಲ್ಯಾಗ್. ಹಿಂದಕ್ಕೆ ಎಷ್ಟು ದಿನದವರೆಗೆ ಸೇರಿಸಬಹುದು ಎಂಬುದಕ್ಕೆ ಮಿತಿಯಿದೆ. ಅದು ಸಾಮಾನ್ಯವಾಗಿ 30 ದಿನ. ಬೇಕಾದರೆ 90 ದಿನದವರೆಗೂ ಹಿಗ್ಗಿಸಬಹುದು. ಖರ್ಚಿಗೆ ಇಂಥ ವಿಳಂಬ ಇಲ್ಲ, ಕ್ಲಿಕ್ ಆದ ದಿನವೇ ಪೂರ್ತಿ ಬರೆದಾಗಿರುತ್ತದೆ. ಹಾಗಾಗಿ ಹೊಸ ದಿನಗಳಲ್ಲಿ ಪೂರ್ತಿ ಖರ್ಚನ್ನು ಅರೆಬರೆ ಆರ್ಡರಿನಿಂದ ಭಾಗಿಸುತ್ತಿರುತ್ತೇವೆ, ಉತ್ತರ ದುಬಾರಿಯಾಗಿಯೇ ಬರುತ್ತದೆ.

ಮಂಡ್ಯದ ನಾಲೆ ಬಯಲಿನಲ್ಲಿ ದಿನಕ್ಕೊಂದು ಗದ್ದೆಯಂತೆ ಏಳು ದಿನ ನಾಟಿ ಮಾಡಿದರೆ ಕೊನೆಯ ಗದ್ದೆಯ ಪೈರು ಗಿಡ್ಡಗಿರುತ್ತದೆ. ಅದನ್ನು ನೋಡಿ ಬಿತ್ತನೆ ಕೆಟ್ಟಿತು ಎನ್ನುವ ರೈತರಿಲ್ಲ. ಒಂದೇ ವಯಸ್ಸಿನ ಪೈರನ್ನು ಒಂದೇ ವಯಸ್ಸಿನದರ ಜೊತೆಗೆ ಹೋಲಿಸಬೇಕು ಎಂಬುದೇ ರಿಪೋರ್ಟ್ ಓದುವಾಗಲೂ ಬೇಕಾದ ನಿಯಮ.

ಹಾಗಾದರೆ ಯಾವ ವಯಸ್ಸಿಗೆ ಎಷ್ಟು ಆರ್ಡರ್ ಬಂದಿರಬೇಕು? ಅದನ್ನು ಪ್ರತಿಯೊಂದು ವ್ಯಾಪಾರವೂ ತನ್ನದೇ ಲೆಕ್ಕದಿಂದ ಕಂಡುಕೊಳ್ಳಬೇಕು. ಒಂದು ಕಿಲೋ ಬೆಲ್ಲ ಕೊಳ್ಳಲು ಯಾರೂ ವಾರ ಯೋಚಿಸುವುದಿಲ್ಲ, ಮದುವೆ ಸೀರೆಗೆ ತಿಂಗಳೇ ಹಿಡಿಯಬಹುದು. ಗೂಗಲ್ ಆ್ಯಡ್ಸ್‌ನ ಸೆಗ್ಮೆಂಟ್ ಮೆನುವಿನಲ್ಲಿ `Days to conversion` ಎಂಬ ಆಯ್ಕೆಯಿದೆ. ಕ್ಲಿಕ್ ಆದ ಎಷ್ಟು ದಿನಕ್ಕೆ ಎಷ್ಟು ಆರ್ಡರ್ ಬಂದವು ಎಂದು ಅದು ಬಿಡಿಸಿ ತೋರಿಸುತ್ತದೆ. ಇದನ್ನು ನೋಡುವಾಗ ಕಳೆದ ತಿಂಗಳನ್ನು ಆರಿಸಬಾರದು. ಅದರ ತಡವಾದ ಆರ್ಡರುಗಳು ಇನ್ನೂ ಬಂದಿಲ್ಲವಾದ್ದರಿಂದ ಅಂತರ ಕಡಿಮೆಯಿದ್ದಂತೆ ಕಾಣುತ್ತದೆ. ಮಿತಿ 30 ದಿನವಿದ್ದರೆ, ಕೊನೆಯ ದಿನಕ್ಕೂ 30 ದಿನ ತುಂಬಿರುವ ಹಳೆಯ ಅವಧಿಯನ್ನೇ ತೆಗೆದುಕೊಳ್ಳಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಅನುಭವಿಗಳೂ ಇದನ್ನು ಗಮನಿಸದೆ ಬಿಡುವುದುಂಟು. ಆ ಪಟ್ಟಿಯಲ್ಲಿ ಒಂದು ದಿನಕ್ಕಿಂತ ಕಡಿಮೆ ಎಂದರೆ ಕ್ಲಿಕ್ ಆದ 24 ಗಂಟೆಯೊಳಗೆ ಎಂದರ್ಥ. ಅದೇ ತಾರೀಖಿನಂದು ಎಂದಲ್ಲ. ಭಾನುವಾರ ರಾತ್ರಿ ಹತ್ತಕ್ಕೆ ಒತ್ತಿದವರಿಗೆ ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಸಿಕ್ಕಿರುವುದು ಕೆಲವೇ ಗಂಟೆ. ಆದ್ದರಿಂದ ಆ ಪಟ್ಟಿಯ ಮೊದಲ ಅಂಕಿಯನ್ನು ನೇರವಾಗಿ ನಿನ್ನೆಗೆ ಹಚ್ಚಿದರೆ ನಿನ್ನೆ ಇರುವುದಕ್ಕಿಂತ ಹೆಚ್ಚು ಬಲಿತಿದೆ ಎಂದುಕೊಂಡುಬಿಡುತ್ತೇವೆ.

ಇದಕ್ಕಿಂತ ನಂಬಿಕಸ್ತ ದಾರಿ ಕೈಲೆಕ್ಕದ್ದು. ಪ್ರತಿ ಬೆಳಿಗ್ಗೆ ಒಂದೇ ಹೊತ್ತಿಗೆ, ಹಿಂದಿನ ಹದಿನಾಲ್ಕು ದಿನಗಳ ಆರ್ಡರ್ ಸಂಖ್ಯೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುತ್ತಾ ಹೋಗುವುದು. ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯಬಾರದು, ಪ್ರತಿ ದಿನಕ್ಕೂ ಹೊಸ ಕಾಲಂ ಬೇಕು. ಎರಡು ತಿಂಗಳಾದ ಮೇಲೆ, ಒಂದು ದಿನದ ಕ್ಲಿಕ್ಕುಗಳಿಗೆ ಮರುದಿನ ಎಷ್ಟು ಕಂಡಿತ್ತು, 30 ದಿನ ತುಂಬಿದ ಮೇಲೆ ರಿಪೋರ್ಟಿನಲ್ಲಿ ಕೊನೆಗೆ ಎಷ್ಟಾಯಿತು ಎಂದು ನೋಡಿ ಭಾಗಿಸಿದರೆ ಸಾಕು. ನಮ್ಮ ಸೀರೆ ಅಂಗಡಿಯಲ್ಲಿ ಮರುದಿನ ಬೆಳಿಗ್ಗೆಗೆ 40%, ಇನ್ನೊಂದು ದಿನಕ್ಕೆ 50%, ಆಮೇಲೆ 60, 65, 70, 75 ಆಗಿ, ಏಳನೆಯ ಬೆಳಿಗ್ಗೆಗೆ 80% ಬಂದಿರುತ್ತದೆ. ಉಳಿದ ಐದನೇ ಒಂದು ಪಾಲು ಮುಂದಿನ ಮೂರು ವಾರಗಳಲ್ಲಿ ಒಂದೊಂದಾಗಿ ಬಂದು ಸೇರುತ್ತದೆ.

ಈ ಶೇಕಡಾವಾರು ಕೈಯಲ್ಲಿದ್ದರೆ ತಿದ್ದುಪಡಿ ಸುಲಭವೆನಿಸುತ್ತದೆ. ಭಾನುವಾರದ 8ನ್ನು 0.40ರಿಂದ ಭಾಗಿಸಿದರೆ 20. ಶುಕ್ರವಾರದ 12ನ್ನು 0.60ರಿಂದ ಭಾಗಿಸಿದರೂ 20. ಆದರೆ ಒಂದೇ ದಿನವನ್ನು ಹೀಗೆ ಹಿಗ್ಗಿಸುವುದು ಅಪಾಯ. ಸರಾಸರಿ 8 ಆರ್ಡರ್ ಬರುವ ಕಡೆ ಬರೀ ಆಕಸ್ಮಿಕದಿಂದಲೇ ಒಂದು ದಿನ 5, ಇನ್ನೊಂದು ದಿನ 11 ಬರುವುದು ತೀರ ಸಾಮಾನ್ಯ. ಇಂಥ ಎಣಿಕೆಗಳಲ್ಲಿ ಏರಿಳಿತ ಸರಿಸುಮಾರು ಸರಾಸರಿಯ ವರ್ಗಮೂಲದಷ್ಟಿರುತ್ತದೆ. 0.40ರಿಂದ ಭಾಗಿಸಿದಾಗ ಆ ಏರಿಳಿತವೂ ಎರಡೂವರೆ ಪಟ್ಟು ಹಿಗ್ಗಿ, ಅಂದಾಜು ಒಮ್ಮೆ 12.5, ಒಮ್ಮೆ 27.5 ಎನ್ನುತ್ತದೆ. ಎರಡನ್ನೂ ನಂಬಿ ನಿರ್ಧಾರ ಮಾಡುವ ಹಾಗಿಲ್ಲ. ಅದರ ಬದಲು ಇಡೀ ವಾರದ ಆರ್ಡರನ್ನು ಕೂಡಿಸಿ, ವಾರದ ಎಲ್ಲ ದಿನಗಳ ಶೇಕಡಾವಾರನ್ನೂ ಕೂಡಿಸಿ, ಒಮ್ಮೆ ಮಾತ್ರ ಭಾಗಿಸಬೇಕು:

```
0.40+0.50+0.60+0.65+0.70+0.75+0.80 = 4.40
88 / 4.40 = 20
```

ದಿನಕ್ಕೆ 20 ಆರ್ಡರ್. ಬಲಿತ ದಿನಗಳ ತೂಕ ಹೆಚ್ಚು, ಎಳೆಯ ದಿನಗಳ ತೂಕ ಕಡಿಮೆ ತಾನಾಗಿಯೇ ಆಗುವುದರಿಂದ ಈ ಅಂದಾಜು ಅಷ್ಟು ಅಲುಗಾಡುವುದಿಲ್ಲ. ಇದಕ್ಕೆ ಹತ್ತಿರದ ವಿದ್ಯೆಯನ್ನು ವಿಮಾ ಲೆಕ್ಕಿಗರು ಬಹಳ ಹಿಂದಿನಿಂದಲೂ ಬಳಸುತ್ತಿದ್ದಾರೆ: ಅಪಘಾತ ಆಗಿಹೋಗಿದೆ, ಕ್ಲೇಮ್ ಇನ್ನೂ ಬಂದಿಲ್ಲ, ಆದರೂ ಹಣ ಎತ್ತಿಡಬೇಕು. ಸಾಂಕ್ರಾಮಿಕ ರೋಗಗಳ ಎಣಿಕೆಯಲ್ಲೂ ಕೊನೆಯ ಕೆಲವು ದಿನಗಳು ಇದೇ ಕಾರಣಕ್ಕೆ ಇಳಿದಂತೆ ಕಾಣುತ್ತವೆ. ಜಾಹೀರಾತಿನ ಮಟ್ಟಿಗೆ 2014ರಲ್ಲಿ ಸಂಶೋಧಕ ಒಲಿವಿಯೆ ಶಪೆಲ್ ಒಂದು ಪ್ರಬಂಧ ಪ್ರಕಟಿಸಿದರು. ಇನ್ನೂ ಕೊಳ್ಳದ ಹೊಸ ಕ್ಲಿಕ್ಕನ್ನು ಕೊಳ್ಳದ ಕ್ಲಿಕ್ ಎಂದು ಎಣಿಸುವುದು ತಪ್ಪು; ಕೊಳ್ಳುತ್ತಾರೋ ಇಲ್ಲವೋ ಎಂಬುದನ್ನೂ, ಕೊಳ್ಳುವುದಾದರೆ ಎಷ್ಟು ತಡವಾಗಿ ಎಂಬುದನ್ನೂ ಬೇರೆ ಬೇರೆಯಾಗಿ ಅಂದಾಜಿಸಬೇಕು ಎಂಬುದು ಅದರ ತಿರುಳು. ಕ್ಲಿಕ್ಕಿಗೆ ಎಷ್ಟು ಕೊಡಬೇಕೆಂದು ತಾನೇ ತೀರ್ಮಾನಿಸುವ ಗೂಗಲ್‌ನ ಸ್ವಯಂಚಾಲಿತ ಬಿಡ್ಡಿಂಗ್ ಕೂಡ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ಕೂತ ಮನುಷ್ಯರು 955 ರೂಪಾಯಿ ನೋಡಿ ಗಾಬರಿಬಿದ್ದು, ಆರ್ಡರಿಗೆ ಇಷ್ಟೇ ಖರ್ಚು ಎಂದು ಇಟ್ಟ ಗುರಿಯನ್ನೋ ಬಜೆಟ್ಟನ್ನೋ ಕೆಳಗಿಳಿಸಿದಾಗಲೇ ಕೆಲಸ ಕೆಡುವುದು. ಇಳಿಸಿದ ಮರುವಾರ ಹಳೆಯ ದಿನಗಳ ತಡವಾದ ಆರ್ಡರುಗಳು ಬಂದು ಅಂಕಿ ಸುಧಾರಿಸುತ್ತದೆ, ಇಳಿಸಿದ್ದರಿಂದಲೇ ಸುಧಾರಿಸಿತು ಎಂಬ ತಪ್ಪು ಪಾಠ ಗಟ್ಟಿಯಾಗುತ್ತದೆ.

ಖರೀದಿಯ ದಿನದ ಪ್ರಕಾರವೇ ನೋಡಬಾರದೇಕೆ ಎಂದು ಕೇಳಬಹುದು. ಅದಕ್ಕೂ `Conversions (by conv. time)` ಎಂಬ ಕಾಲಂ ಇದೆ. ಅದು ನಂತರ ಅಷ್ಟಾಗಿ ಬದಲಾಗುವುದಿಲ್ಲ, ಅಂಗಡಿಯ ಬಿಲ್ಲುಗಳ ಜೊತೆ ತಾಳೆ ನೋಡಲು ಅದೇ ಸರಿ. ಆದರೆ ಅದನ್ನು ಖರ್ಚಿನ ಜೊತೆ ಜೋಡಿಸಿದರೆ ಬೇರೊಂದು ತಪ್ಪಾಗುತ್ತದೆ. ನಮ್ಮ ಅಂಗಡಿಗೆ ಒಂದು ದಿನ ಬರುವ 20 ಆರ್ಡರಿನಲ್ಲಿ 8 ಅಂದಿನ ಕ್ಲಿಕ್ಕಿನವು, 12 ಹಿಂದಿನ ದಿನಗಳವು. ನಾಳೆ ಬಜೆಟ್ಟನ್ನು 24,000ಕ್ಕೆ ಏರಿಸಿ, ಕ್ಲಿಕ್ ಕೂಡ ಇಮ್ಮಡಿಯಾದರೆ, ಆ ದಿನ ಬರುವುದು 16 ಮತ್ತು 12 ಸೇರಿ 28 ಆರ್ಡರ್. ಒಂದಕ್ಕೆ 857 ರೂಪಾಯಿ ಬಿದ್ದಂತೆ ಕಾಣುತ್ತದೆ. ಜಾಹೀರಾತನ್ನೇ ನಿಲ್ಲಿಸಿದರೆ ಅಂದು ಖರ್ಚು ಸೊನ್ನೆ, ಆರ್ಡರ್ 12. ಬಜೆಟ್ ಬದಲಾಗುತ್ತಿರುವ ಕಾಲದಲ್ಲಿ ಈ ಕಾಲಂನಿಂದ ಲಾಭ ನಷ್ಟ ಅಳೆಯಬಾರದು.

ಹಬ್ಬದ ಕಾಲದಲ್ಲಿ ನಾವು ಅಳೆದಿಟ್ಟ ಶೇಕಡಾವಾರೇ ಜಾರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ. ಆಗ ನೋಡಿಟ್ಟ ಸೀರೆಯನ್ನು ಹಲವರು ಶ್ರಾವಣಕ್ಕೆ ಕೊಳ್ಳುತ್ತಾರೆ. ಅಂತರ ಉದ್ದವಾಗುತ್ತದೆ, ಎಂದಿನ 40% ಬಳಸಿದರೆ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ. ಕೆಲವು ಖರೀದಿಗಳು 30 ದಿನದ ಮಿತಿಯನ್ನೂ ದಾಟಿ ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ವರಮಹಾಲಕ್ಷ್ಮಿ ಹಬ್ಬ ಮೂರು ದಿನವಿದೆ ಎನ್ನುವಾಗ ಇದರ ತದ್ವಿರುದ್ಧ: ಕೊಳ್ಳುವವರು ಅಂದೇ ಕೊಂಡುಬಿಡುತ್ತಾರೆ, ಹಬ್ಬ ಕಳೆದ ಮೇಲೆ ತಡವಾಗಿ ಬರುವವರು ಉಳಿದಿರುವುದಿಲ್ಲ. ಅಲ್ಲಿ 0.40ರಿಂದ ಭಾಗಿಸಿದರೆ ಬಾರದ ಆರ್ಡರುಗಳಿಗೆ ಕಾಯುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಹಬ್ಬದ ವಾರಕ್ಕೆ ಕಳೆದ ವರ್ಷದ ಅದೇ ಹಬ್ಬದ ವಾರದ ಶೇಕಡಾವಾರನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ತಾರೀಖನ್ನಲ್ಲ, ಹಬ್ಬವನ್ನು ಹೋಲಿಸಬೇಕು.

ವಿಳಂಬದ ಹೆಸರಿನಲ್ಲಿ ನಿಜವಾದ ತೊಂದರೆ ಅಡಗಿ ಕೂರುವುದೂ ಇದೆ. ಪತ್ತೆಗೆ ಬೆಳಗಿನ ಆ ಸ್ಪ್ರೆಡ್‌ಶೀಟೇ ಸಾಕು. ಮಂಗಳವಾರ ಬೆಳಿಗ್ಗೆ ನೋಡಿದಾಗ ಭಾನುವಾರದ 8 ಹೋಗಿ 10 ಆಗಿರಬೇಕು, ಶನಿವಾರದ 10 ಹೋಗಿ 12, ಶುಕ್ರವಾರದ 12 ಹೋಗಿ 13. ಹೀಗೆ ಹಳೆಯ ಸಾಲುಗಳು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಬೆಳೆಯುತ್ತಾ, ಹೊಸ ದಿನವೂ 8ರ ಆಸುಪಾಸಿನಲ್ಲೇ ಶುರುವಾದರೆ ಅದು ಬರೀ ವಿಳಂಬ. ಹಳೆಯ ಸಾಲುಗಳು ಬೆಳೆಯುತ್ತಿದ್ದೂ ಹೊಸ ದಿನಗಳು ಮೂರ್ನಾಲ್ಕು ಬೆಳಿಗ್ಗೆ ಸತತವಾಗಿ 4 ಅಥವಾ 5ರಲ್ಲೇ ಶುರುವಾದರೆ, ಹೊಸ ಕ್ಲಿಕ್ಕುಗಳ ಗುಣವೇ ಇಳಿದಿರಬಹುದು, ಇಲ್ಲವೇ ಗಿರಾಕಿಗಳು ನಿರ್ಧಾರಕ್ಕೆ ಹೆಚ್ಚು ಕಾಲ ತೆಗೆದುಕೊಳ್ಳುತ್ತಿರಬಹುದು. ಆಗ ಯಾವ ಹುಡುಕಾಟದ ಪದಗಳಿಗೆ ಜಾಹೀರಾತು ಹೋಗುತ್ತಿದೆ, ಬೆಲೆ ಬದಲಾಗಿದೆಯೇ, ದಾಸ್ತಾನು ಮುಗಿದಿದೆಯೇ ಎಂದು ನೋಡಬೇಕು. ಇನ್ನು ಹಳೆಯದು ಹೊಸದು ಎನ್ನದೆ ಎಲ್ಲ ಸಾಲುಗಳೂ ಒಂದೇ ದಿನದಿಂದ ನಿಂತಲ್ಲೇ ನಿಂತು, ಅಂಗಡಿಯ ಬಿಲ್ ಪುಸ್ತಕದಲ್ಲಿ ಮಾತ್ರ ಆರ್ಡರ್ ಬರುತ್ತಲೇ ಇದ್ದರೆ ಜಾಹೀರಾತನ್ನು ಮುಟ್ಟಬೇಡಿ. ಆರ್ಡರ್ ಖಚಿತವಾದ ಮೇಲೆ ತೆರೆಯುವ ಪುಟದಲ್ಲಿದ್ದು ಗೂಗಲ್‌ಗೆ ಸುದ್ದಿ ಮುಟ್ಟಿಸುವ ಕೋಡ್, ಅಂದರೆ ಕನ್ವರ್ಷನ್ ಟ್ಯಾಗ್, ಬಹುಶಃ ಕೆಲಸ ನಿಲ್ಲಿಸಿದೆ. ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಅಂದೇ ಫೋನ್ ಮಾಡಿ.